ಶನಿವಾರ ರಾತ್ರಿಯ ಹಾಲಿನ ವಿಚಾರ: ಗುರುವಾರ ಕೂತು ಮಾತಾಡೋಣ

ಸಿದ್ದರಾಜಣ್ಣ, ಪವಿತ್ರಕ್ಕ, ಇಬ್ಬರಿಗೂ ನಮಸ್ಕಾರ.

ಈ ಸಂದೇಶ ಇಬ್ಬರಿಗೂ ಒಟ್ಟಿಗೇ ಬರುತ್ತಿದೆ. ಬೇರೆ ಬೇರೆಯಾಗಿ ಯಾರಿಗೂ ಏನೂ ಹೇಳಿಲ್ಲ.

ಶನಿವಾರ ನಮ್ಮ 1,300 ಲೀಟರ್ ಹಾಲು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಹಾಲು ಹಾಕಲು ಬಂದ ಸದಸ್ಯರ ಎದುರಿಗೇ ನೀವಿಬ್ಬರೂ ಒಬ್ಬರ ಮೇಲೊಬ್ಬರು ಮಾತು ಹರಿಸಿದ್ದು ಮನಸ್ಸಿಗೆ ಬಹಳ ನೋವಾಯಿತು. ಆವತ್ತಿನಿಂದ ಲಾಗ್ ಬುಕ್ಕಿನಲ್ಲಿ ತಾಪಮಾನದ ಕಲಂ ಖಾಲಿ ಇದೆ, ಲೆಕ್ಕದ ಚೀಟಿ ಹುಡುಗನ ಕೈಯಲ್ಲಿ ಓಡಾಡುತ್ತಿದೆ. ಹೀಗೆ ನಡೆದರೆ ಇನ್ನೊಂದು ಟ್ಯಾಂಕ್ ಕೆಡಲು ಹೆಚ್ಚು ದಿನ ಬೇಕಿಲ್ಲ.

ಪುಸ್ತಕಗಳಲ್ಲಿ ಇರುವುದು ಇಷ್ಟು. ಸಂಜೆ 6:20ಕ್ಕೆ ಕರೆಂಟ್ ಹೋಗಿದೆ, 7:05ಕ್ಕೆ ಜನರೇಟರ್ ಶುರುವಾಗಿದೆ. ಬೆಳಗಿನ 760 ಲೀಟರ್ 4 ಡಿಗ್ರಿಯಲ್ಲಿತ್ತು. ಅದರ ಮೇಲೆ ಸಂಜೆಯ 540 ಲೀಟರ್ ಬಿದ್ದಿದೆ. 7 ಗಂಟೆಯ ನಂತರ ನಾಲ್ವರು ಸದಸ್ಯರ ಹಾಲು ತೆಗೆದುಕೊಂಡಿದೆ. 9:30ಕ್ಕೆ ಟ್ಯಾಂಕರ್ ಬಂದಾಗ ಮೀಟರ್ 11 ತೋರಿಸಿದ್ದರಿಂದ ಅವರು ತುಂಬಿಸಿಕೊಳ್ಳಲಿಲ್ಲ. ಭಾನುವಾರ ಬೆಳಿಗ್ಗೆ ಕಾಯಿಸಿ ನೋಡಿದರೆ ಒಡೆಯಿತು. ಈ ಅಂಕಿಗಳ ಬಗ್ಗೆ ನಿಮ್ಮಿಬ್ಬರಲ್ಲಿ ತಕರಾರಿಲ್ಲ ಅಂತ ತಿಳಿದಿದ್ದೇನೆ. ತಪ್ಪಿದ್ದರೆ ತಿದ್ದಿ.

ಪವಿತ್ರಕ್ಕ ಹೇಳುವುದು: ಜನರೇಟರ್ 45 ನಿಮಿಷ ತಡವಾಯಿತು, ಅಷ್ಟು ಹೊತ್ತು ಬಿಸಿ ಹಾಲು ಹಾಗೇ ನಿಂತಿತು. ಸಿದ್ದರಾಜಣ್ಣ ಹೇಳುವುದು: ಕರೆಂಟ್ ಹೋದದ್ದನ್ನು ಡೀಸೆಲ್ ತರಲು ಹೋಗಿದ್ದ ನನಗೆ ಯಾರೂ ತಿಳಿಸಲಿಲ್ಲ, ತಡವಾಗಿ ಬಂದ ಕ್ಯಾನುಗಳ ಹಾಲನ್ನು ಕಾಯಿಸಿ ನೋಡದೆ ಟ್ಯಾಂಕಿಗೆ ಸುರಿದರು. ಎರಡೂ ಕೇಳಬೇಕಾದ ಮಾತುಗಳೇ. ಆದರೆ ಹಾಲು ತಣ್ಣಗಾಗದಿದ್ದದ್ದು ಒಂದು ಪ್ರಶ್ನೆ, ಹುಳಿ ಹತ್ತಿದ್ದು ಇನ್ನೊಂದು. ಶನಿವಾರದ ಜಗಳದಲ್ಲಿ ಎರಡೂ ಕಲಸಿಹೋದವು.

ಮೊದಲನೆಯದನ್ನು ಲೆಕ್ಕ ಹಾಕಿ ನೋಡಿದೆ. ಸಂಜೆಯ ಹಾಲು 31 ಡಿಗ್ರಿ ಇತ್ತು ಅಂತ ಹಿಡಿದರೆ, ಬೆಳಗಿನದರ ಜೊತೆ ಬೆರೆತು ಸುಮಾರು 15 ಡಿಗ್ರಿಗೆ ಬರುತ್ತದೆ. ಸಂಗ್ರಹ ಮುಗಿದ ಮೇಲೂ ಕಂಪ್ರೆಸರ್‌ಗೆ ಎರಡು ಗಂಟೆಗೂ ಹೆಚ್ಚು ಸಮಯ ಸಿಕ್ಕಿದೆ, ಇಳಿದದ್ದು 4 ಡಿಗ್ರಿ ಮಾತ್ರ. ಇದು ತಡವಾದದ್ದರಿಂದಲೋ, ಕಂಡೆನ್ಸರ್ ಜಾಲರಿಗೆ ಧೂಳು ಕಟ್ಟಿ ಮಷೀನೇ ಎಳೆಯುತ್ತಿಲ್ಲವೋ? ಜಾಲರಿ ತೊಳೆದ ತಾರೀಕು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಬರೆಸಬೇಕಾದವನು ನಾನು, ಅದಕ್ಕೆ ನಾನೇ ಹೊಣೆ.

ಗುರುವಾರ ಬೆಳಿಗ್ಗೆ 11ಕ್ಕೆ, ಸಂಘದ ಹಿಂದಿನ ಕೋಣೆಗೆ ಇಬ್ಬರೂ ಬನ್ನಿ. ಅಷ್ಟರಲ್ಲಿ ಕ್ಯಾನು ತೊಳೆಯುವ ಕೆಲಸವೂ ಮುಗಿದಿರುತ್ತದೆ. ನಾವು ಮೂವರೇ ಇರುತ್ತೇವೆ, ಆಡಳಿತ ಮಂಡಳಿಯವರು ಇರುವುದಿಲ್ಲ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದು ಬೇಡ, ಉತ್ತರ ಕೊಡಬೇಕೆನಿಸಿದ್ದನ್ನು ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ಯಾರು ಮೊದಲು ಅನ್ನುವುದಕ್ಕೆ ಅಲ್ಲೇ ಚೀಟಿ ಎತ್ತೋಣ. ಪವಿತ್ರಕ್ಕ ಸಂಗ್ರಹದ ರಿಜಿಸ್ಟರ್ ತನ್ನಿ, ಸಿದ್ದರಾಜಣ್ಣ ಲಾಗ್ ಬುಕ್ ಮತ್ತು ಡೀಸೆಲ್ ಪುಸ್ತಕ ತನ್ನಿ. ಸಂಬಳ ಹಿಡಿಯುವ ಮಾತು, ನಷ್ಟ ಯಾರು ಕೊಡಬೇಕು ಅನ್ನುವ ಮಾತು ಆವತ್ತು ಇಲ್ಲ. ಅಲ್ಲಿ ಆಡಿದ್ದನ್ನು ನಿಮ್ಮಿಬ್ಬರ ಒಪ್ಪಿಗೆಯಿಲ್ಲದೆ ನಾನು ಹೊರಗೆ ಹೇಳುವುದಿಲ್ಲ. ಮಾತು ಬಿಸಿಯಾದರೆ ಐದು ನಿಮಿಷ ಎದ್ದು ಹೋಗಿ ಬರಬಹುದು, ಅದರಲ್ಲಿ ತಪ್ಪೇನಿಲ್ಲ.

ಅಲ್ಲಿಯವರೆಗೆ ಮೂರು ಕೆಲಸ ತಪ್ಪದೆ ನಡೆಯಲಿ. ಇವು ಯಾರ ಮೇಲಿನ ಅನುಮಾನದಿಂದಲೂ ಅಲ್ಲ. ಕರೆಂಟ್ ಹೋದದ್ದು ಯಾರ ಕಣ್ಣಿಗೆ ಮೊದಲು ಬಿದ್ದರೂ ಅವರೇ ಇನ್ನೊಬ್ಬರಿಗೆ ಫೋನ್ ಮಾಡಿ, ಮಾತಾಡಲು ಮನಸ್ಸಿಲ್ಲದಿದ್ದರೆ "ಕರೆಂಟ್ ಹೋಯ್ತು" ಅಂತ ಮೆಸೇಜ್ ಹಾಕಿದರೂ ಸಾಕು. 7ರ ನಂತರದ ಹಾಲನ್ನು ಬೇರೆ ಕ್ಯಾನಿನಲ್ಲಿ ಇಟ್ಟು, ಪ್ರತಿಯೊಬ್ಬರದ್ದೂ 5 ಮಿಲಿ ಟೆಸ್ಟ್ ಟ್ಯೂಬಿಗೆ ಹಾಕಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು ನೋಡಿ. ಒಡೆಯದಿದ್ದರೆ ಮಾತ್ರ ಟ್ಯಾಂಕಿಗೆ. ತಾಪಮಾನವನ್ನು ಸಂಗ್ರಹ ಶುರುವಾಗುವಾಗ, ಮುಗಿದಾಗ, ಟ್ಯಾಂಕರ್ ಬಂದಾಗ ಬರೆಯಿರಿ.

ಒಟ್ಟಿಗೆ ಕೂರುವ ಮುಂಚೆ ನನ್ನ ಹತ್ತಿರ ಒಬ್ಬರೇ ಮಾತಾಡಬೇಕೆನಿಸಿದರೆ ಬುಧವಾರ ಮಧ್ಯಾಹ್ನ 2ರಿಂದ 4ರವರೆಗೆ ಆಫೀಸಿನಲ್ಲಿರುತ್ತೇನೆ. ಇಬ್ಬರಿಗೂ ಅರ್ಧರ್ಧ ಗಂಟೆ. ಗುರುವಾರದ ಹೊತ್ತು ಆಗದಿದ್ದರೆ ಆಗುವ ಹೊತ್ತನ್ನು ಬುಧವಾರ ಸಂಜೆ 6ರೊಳಗೆ ತಿಳಿಸಿ.

ಕಾರ್ಯದರ್ಶಿ
ಹಾಲು ಉತ್ಪಾದಕರ ಸಹಕಾರ ಸಂಘ