ನೆರಳಿನ ಕಾಫಿ: ಹಕ್ಕಿಯ ಲೆಕ್ಕ, ಚೀಲದ ಲೆಕ್ಕ

ಕೃಷಿ ಪರಿಸರ ವಿಜ್ಞಾನ, ಅಸೈನ್‌ಮೆಂಟ್ 2

ಮೂಡಿಗೆರೆ ಹತ್ತಿರ ಒಂದೇ ಬೇಲಿಯ ಆಚೀಚೆ ಇರುವ ಎರಡು ಅರೇಬಿಕಾ ತೋಟಗಳನ್ನು ಹೋಲಿಸಿದ್ದೇನೆ. ಒಂದು ನಮ್ಮ ದೊಡ್ಡಪ್ಪನದು. ಅಲ್ಲಿ ಅತ್ತಿ, ಗೋಣಿ, ಹಲಸು, ನಂದಿಯ ಹಳೆಯ ನೆರಳಿದೆ. ಪಕ್ಕದವರಲ್ಲಿ ಬಹುತೇಕ ಸಿಲ್ವರ್ ಓಕ್, ಅದಕ್ಕೆ ಹಬ್ಬಿಸಿದ ಕಾಳುಮೆಣಸು. ಮಣ್ಣು, ಮಳೆ, ಎತ್ತರ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಜನವರಿಯಲ್ಲಿ ಆರು ದಿನ ಬೆಳಿಗ್ಗೆ, ಪ್ರತಿ ತೋಟದ ಐದು ಕಡೆ ಹತ್ತು ಹತ್ತು ನಿಮಿಷ ನಿಂತು, ಕಂಡ ಮತ್ತು ಕೂಗು ಕೇಳಿದ ಹಕ್ಕಿಗಳನ್ನು ಬರೆದುಕೊಂಡೆ. ದೊಡ್ಡಪ್ಪನ ತೋಟದಲ್ಲಿ 34 ಜಾತಿ, ಪಕ್ಕದಲ್ಲಿ 19. ನೆರಳು ಜಾಸ್ತಿ ಇದ್ದಲ್ಲಿ ಹಕ್ಕಿ ಜಾಸ್ತಿ ಎಂದುಕೊಂಡೇ ಹೊರಟಿದ್ದೆ. ಆದರೆ ಕಣ್ಣಳತೆಗೆ ಪಕ್ಕದ ತೋಟದ ನೆರಳು ತೀರಾ ಕಡಿಮೆಯೇನಲ್ಲ. ದೊಡ್ಡ ವ್ಯತ್ಯಾಸ ಇರುವುದು ಮರದ ಜಾತಿಯಲ್ಲಿ. ಹಣ್ಣು ಬಿಟ್ಟ ಒಂದೇ ಅತ್ತಿ ಮರದ ಕೆಳಗೆ ಒಂದು ಬೆಳಿಗ್ಗೆ 11 ಜಾತಿ ಸಿಕ್ಕಿದವು. ಮಂಗಟ್ಟೆ, ಕುಟ್ರು, ಮರಕುಟಿಗಗಳಿಗೆ ಗೂಡಿಗೆ ಪೊಟರೆ ಬೇಕು. ಓಕ್ ಮರ ಪೊಟರೆಯಾಗುವಷ್ಟು ಮುದಿಯಾಗುವ ಮೊದಲೇ ನಾಟಾ ಆಗಿ ಲಾರಿ ಹತ್ತುತ್ತದೆ. ಓಕ್ ಹೂ ಬಿಟ್ಟಾಗ ಸೂರಕ್ಕಿಗಳು ಬರುತ್ತವೆ. ನಾನು ಹೋದದ್ದು ಹೂವಿನ ಕಾಲವಲ್ಲ, ಹಾಗಾಗಿ ನನ್ನ ಲೆಕ್ಕ ಅದಕ್ಕೆ ಸ್ವಲ್ಪ ಅನ್ಯಾಯ ಮಾಡಿರಬಹುದು.

ಇಳುವರಿಯಲ್ಲಿ ಪಕ್ಕದವರೇ ಮುಂದು. ಮೂರು ವರ್ಷದ ಸರಾಸರಿ ಎಕರೆಗೆ 7 ಚೀಲ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ; ದೊಡ್ಡಪ್ಪನದು 5. ಮೇಲೆ ಮೆಣಸಿನ ದುಡ್ಡು ಬೇರೆ. ಆದರೆ ಈ ಎರಡು ಚೀಲವನ್ನು ಪೂರ್ತಿ ಹಕ್ಕಿಗಳ ಖಾತೆಗೆ ಬರೆಯುವುದು ತಪ್ಪು. ಆಳು ಸಿಗದೆ ದೊಡ್ಡಪ್ಪ ಎರಡು ವರ್ಷದಿಂದ ನೆರಳುಮರಗಳ ಕೊಂಬೆ ಸವರುವ ಮರಗಸಿಯನ್ನೇ ಸರಿಯಾಗಿ ಮಾಡಿಸಿಲ್ಲ. ನೆರಳು ದಟ್ಟವಾದರೆ ಹೂ ಕಡಿಮೆ, ಮಳೆಗಾಲದಲ್ಲಿ ಕೊಳೆರೋಗ ಜಾಸ್ತಿ.

ಚೀಲದ ಲೆಕ್ಕಕ್ಕೆ ಸಿಗದ ಇನ್ನೊಂದು ಸಂಗತಿ ಕಾಂಡಕೊರಕ. ಇದರ ದುಂಬಿಗೆ ಬಿಸಿಲು ಬೀಳುವ ಕಾಂಡವೇ ಇಷ್ಟ. ಪಕ್ಕದವರು ಓಕ್ ಕಡಿಸಿದ ಜಾಗದಲ್ಲಿ ಕಳೆದ ವರ್ಷ 60 ಗಿಡ ಕಿತ್ತು ಸುಟ್ಟರು. ಅಲ್ಲಿ ಹೊಸ ಗಿಡ ಫಸಲಿಗೆ ಬರಲು ಮೂರ್ನಾಲ್ಕು ವರ್ಷ ಬೇಕು. ಕೋಸ್ಟರಿಕದಲ್ಲಿ ಹಕ್ಕಿ ಬಾರದಂತೆ ಗಿಡಗಳಿಗೆ ಬಲೆ ಕಟ್ಟಿ ನೋಡಿದಾಗ, ಹಕ್ಕಿಗಳು ಕಾಯಿಕೊರಕದ ಬಾಧೆಯನ್ನು ಸುಮಾರು ಅರ್ಧಕ್ಕೆ ಇಳಿಸುವುದು ಕಂಡುಬಂತು. ಅದು ಕಾಯಿಯ ಹುಳು. ನಮ್ಮಲ್ಲಿ ಕಾಡುವುದು ಕಾಂಡದೊಳಗೆ ಅಡಗಿದ ಹುಳು. ಆ ಫಲಿತಾಂಶವನ್ನು ಇಲ್ಲಿಗೆ ಎಳೆದು ತರಲಾರೆ.

ನನ್ನ ಸಲಹೆ ಇಷ್ಟು. ಹಳ್ಳದ ಬದಿ, ಬೇಲಿ ಸಾಲು, ಹೇಗೂ ಕಾಫಿ ಸೊರಗುವ ಮೂಲೆಗಳಲ್ಲಿ ಎಕರೆಗೆ ನಾಲ್ಕೈದು ಅತ್ತಿ, ಗೋಣಿ ಉಳಿಸಿಕೊಳ್ಳಬೇಕು. ಮಳೆಗೆ ಮುಂಚೆ ಮರಗಸಿ ಆಗಲೇಬೇಕು. ಪಕ್ಕದವರ ಮುಂದೆ ಇದನ್ನಿಟ್ಟಾಗ ಅವರು ನಕ್ಕರು. ಸಿಲ್ವರ್ ಓಕ್ ಕಡಿಯಲು ಕಾಡುಮರದಷ್ಟು ಪರವಾನಗಿಯ ತಾಪತ್ರಯವಿಲ್ಲ. "ಮಗಳ ಕಾಲೇಜು ಫೀಸಿಗೆ ಓಕ್ ಮಾರಿದೆ. ನಿಮ್ಮ ಅತ್ತಿ ಮರನ ಯಾರಿಗಪ್ಪಾ ಮಾರಲಿ?"