ಚಿಕ್ಕಪ್ಪನಿಗೆ, ಜಿಮ್ ಅರ್ಜಿಗೆ ಸಹಿ ಹಾಕುವ ಮುನ್ನ

ಪ್ರೀತಿಯ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನೀವು ಕಳಿಸಿದ ಜಿಮ್‌ನ ಅರ್ಜಿ ನನ್ನ ಮೇಜಿನ ಮೇಲೆ ನಾಲ್ಕು ದಿನದಿಂದ ಬಿದ್ದಿದೆ. ‘ಸುಮ್ಮನೆ ಒಂದು ಸಹಿ ಹಾಕಿ ಕೊಡು’ ಎಂದಿರಿ. ಹಾಕಿಲ್ಲ. ಫೋನಿನಲ್ಲಿ ಹೇಳಿದರೆ ‘ಹೂಂ, ಆಯಿತು’ ಎಂದು ಮಾತು ಮುಗಿಸುತ್ತೀರಿ; ಕ್ಲಿನಿಕ್ಕಿಗೆ ಬಂದರೆ ಚಿಕ್ಕಮ್ಮ ಜೊತೆಗಿರುತ್ತಾರೆ, ಅವರ ಮುಂದೆ ನೀವು ಯಾವ ನೋವನ್ನೂ ಒಪ್ಪುವುದಿಲ್ಲ. ಅದಕ್ಕೇ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ನೀವು ಜಿಮ್‌ಗೆ ಸೇರುವುದು ನನಗೆ ಸಂತೋಷದ ವಿಷಯ. ವಯಸ್ಸಾದಂತೆ ಸ್ನಾಯು ತಾನಾಗಿ ಕರಗುತ್ತಾ ಹೋಗುತ್ತದೆ, ಅದನ್ನು ಉಳಿಸಿಕೊಳ್ಳಲು ಭಾರ ಎತ್ತುವುದಕ್ಕಿಂತ ಒಳ್ಳೆಯ ಮದ್ದು ನನ್ನ ಔಷಧಿ ಚೀಟಿಯಲ್ಲಿಲ್ಲ. ಸಕ್ಕರೆ ಹಿಡಿತಕ್ಕೆ ಬರುವುದಕ್ಕೂ ಅದೇ ದಾರಿ, ಏಕೆಂದರೆ ರಕ್ತದಲ್ಲಿರುವ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಸ್ನಾಯುಗಳೇ. ಹಾಗಾಗಿ ನಾನು ತಡೆಯುತ್ತಿಲ್ಲ, ಹತ್ತು ದಿನ ತಡ ಮಾಡಿಸುತ್ತಿದ್ದೇನೆ, ಅಷ್ಟೇ.

ಕಾರಣ ನಿಮ್ಮ ಫೈಲಿನಲ್ಲೇ ಇದೆ. ಕಳೆದ ಬಾರಿ ಬಂದಾಗ ಬಿಪಿ 148/92. ಮೂರು ತಿಂಗಳ ಸರಾಸರಿ ಸಕ್ಕರೆ 6.1, ಅಂದರೆ ಮಧುಮೇಹವಲ್ಲ, ಆದರೆ ಅದರ ಹೊಸ್ತಿಲು. ಸೊಂಟ 102 ಸೆಂಟಿಮೀಟರ್. ನಮ್ಮಂಥ ಮೈಕಟ್ಟಿನ ಗಂಡಸರಿಗೆ 90 ದಾಟಿದರೇ ಎಚ್ಚರಿಕೆ. ಸಿಗರೇಟು ಬಿಟ್ಟು ನಾಲ್ಕು ವರ್ಷವಾಯಿತು, ಅದಕ್ಕೆ ನಿಮಗೆ ಪೂರ್ತಿ ಅಂಕ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಅಜ್ಜ. ಆ ರಾತ್ರಿ ಅವರು ಎದೆಯನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತಾ ‘ಗ್ಯಾಸು’ ಎಂದು ಸೋಡಾ ಕುಡಿದು ಮಲಗಿದರಂತೆ. ಅವರಿಗಾಗ 53. ನಿಮಗೀಗ 54.

ಈ ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ರಾತ್ರಿ ಊಟವಾಗಿ ಹತ್ತು ಗಂಟೆ ಕಳೆದಿರಲಿ, ನೀರು ಕುಡಿಯಬಹುದು, ಬಿಪಿ ಮಾತ್ರೆಯನ್ನು ಎಂದಿನಂತೆ ನುಂಗಿಯೇ ಬನ್ನಿ. ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನು, ಲಿವರ್, ಇವಿಷ್ಟು ನೋಡೋಣ. ಹಿಂದಿನ ಎರಡು ದಿನ ಮನೆಯಲ್ಲಿ ದಂಡ-ಬಸ್ಕಿ ಹೊಡೆಯಬೇಡಿ. ಇದನ್ನು ಯಾಕೆ ಹೇಳುತ್ತೇನೆಂದರೆ, ಮೈ ದಣಿದ ಮರುದಿನ ಸ್ನಾಯುವಿನಿಂದ ಸೋರುವ ಕೆಲವು ಕಿಣ್ವಗಳು ಲಿವರ್ ವರದಿಯಲ್ಲೂ ಕಾಣಿಸಿಕೊಳ್ಳುತ್ತವೆ. ಆಮೇಲೆ ಇಲ್ಲದ ಕಾಯಿಲೆಗೆ ಇಬ್ಬರೂ ನಿದ್ದೆಗೆಡಬೇಕಾಗುತ್ತದೆ.

ಇಸಿಜಿ ಇಲ್ಲೇ ಮಾಡುತ್ತೇನೆ. ಟ್ರೆಡ್‌ಮಿಲ್ ಪರೀಕ್ಷೆಗೆ ಹೃದ್ರೋಗ ತಜ್ಞರ ಬಳಿ ಕಳಿಸುತ್ತೇನೆ. ಏನೂ ತೊಂದರೆಯಿಲ್ಲದವರಿಗೆಲ್ಲ ಅದು ಬೇಕಿಲ್ಲ, ಬರೀ ನಡಿಗೆ ಶುರು ಮಾಡುತ್ತೇನೆ ಎಂದಿದ್ದರೆ ನಿಮಗೂ ಬೇಡ ಎನ್ನುತ್ತಿದ್ದೆ. ಆದರೆ ಅಜ್ಜನ ಕಥೆ, ಬಿಪಿ, ಹಳೆಯ ಸಿಗರೇಟು ಇಷ್ಟನ್ನೂ ಹೊತ್ತುಕೊಂಡು ಭಾರ ಎತ್ತಲು ಹೊರಟಿದ್ದೀರಿ. ಮಲಗಿದಾಗ ತೆಗೆದ ಇಸಿಜಿ ಚೆನ್ನಾಗಿದ್ದ ಮಾತ್ರಕ್ಕೆ ಓಡುವಾಗ ಹೃದಯ ಏನು ಹೇಳುತ್ತದೆಂದು ತಿಳಿಯುವುದಿಲ್ಲ. ಟ್ರೆಡ್‌ಮಿಲ್ ಪರೀಕ್ಷೆಯೂ ವಿಮೆಯಲ್ಲ. ಅದರಲ್ಲಿ ಪಾಸಾದೆ ಎಂದು ಎದೆನೋವನ್ನು ಕಡೆಗಣಿಸುವಂತಿಲ್ಲ.

ಎದೆನೋವು ಎಂದರೆ ಸಿನಿಮಾದಲ್ಲಿ ಎದೆ ಹಿಡಿದುಕೊಂಡು ಬೀಳುವಂಥದ್ದು ಎಂದುಕೊಳ್ಳಬೇಡಿ. ಎದೆಯ ಮೇಲೆ ಯಾರೋ ಕೂತಂತೆ ಭಾರ, ದವಡೆಯಲ್ಲೋ ತೋಳಿನಲ್ಲೋ ಸೆಳೆತ, ತಣ್ಣನೆಯ ಬೆವರು, ದಿನವೂ ಹತ್ತುವ ಮೆಟ್ಟಿಲಿಗೆ ಇದ್ದಕ್ಕಿದ್ದಂತೆ ಏದುಸಿರು, ತಲೆ ಹಗುರಾಗಿ ಕಣ್ಣು ಕತ್ತಲಿಡುವುದು. ಇವುಗಳಲ್ಲಿ ಯಾವುದು ಬಂದರೂ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕುಳಿತುಕೊಳ್ಳಿ, ಪಕ್ಕದವರಿಗೆ ಹೇಳಿ. ಕೆಲವು ನಿಮಿಷದಲ್ಲಿ ಹೋಗದಿದ್ದರೆ ಆಂಬುಲೆನ್ಸ್ ಕರೆಸಿ, ನೀವೇ ಗಾಡಿ ಓಡಿಸಿಕೊಂಡು ನನ್ನ ಕ್ಲಿನಿಕ್ಕಿಗೆ ಬರಬೇಡಿ. ಕುಳಿತ ಮೇಲೆ ಹೋಯಿತು ಎಂದಾದರೂ ಅದೇ ದಿನ ನನಗೆ ತಿಳಿಸಿ. ಗ್ಯಾಸು ಹೌದೋ ಅಲ್ಲವೋ ಎಂಬುದನ್ನು ನಾನು ತೀರ್ಮಾನಿಸುತ್ತೇನೆ.

ಜಿಮ್‌ನೊಳಗಿನ ಪಾಠವನ್ನು ತರಬೇತುದಾರರು ಕಲಿಸುತ್ತಾರೆ, ನನ್ನದು ಎರಡೇ ಮಾತು. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ, ಎತ್ತುತ್ತಾ ಉಸಿರು ಬಿಡಿ, ಇಳಿಸುತ್ತಾ ಎಳೆದುಕೊಳ್ಳಿ. ಬಿಗಿಹಿಡಿದರೆ ಬಿಪಿ ಆ ಗಳಿಗೆಯಲ್ಲಿ ಸರ್ರನೆ ಏರುತ್ತದೆ. ಮತ್ತೆ, ಮೊದಲ ಎರಡು ತಿಂಗಳು ‘ಇನ್ನೂ ಎತ್ತಬಲ್ಲೆ’ ಎನ್ನಿಸುವಾಗಲೇ ನಿಲ್ಲಿಸಿ. ನಾನು ಸೇರಿದ ಮೊದಲ ದಿನ ಪಕ್ಕದ ಹುಡುಗನನ್ನು ನೋಡಿ ಹುರುಪಿಗೆ ಬಿದ್ದೆ. ಮರುದಿನ ಸ್ಟೆತಸ್ಕೋಪನ್ನು ಕಿವಿಗೆ ಹಾಕಿಕೊಳ್ಳಲು ಕೈ ಮೇಲೇಳಲಿಲ್ಲ, ನರ್ಸ್ ಸಹಾಯ ಮಾಡಬೇಕಾಯಿತು. ಅಂಥ ಮೈನೋವು ಎರಡು ಮೂರು ದಿನದಲ್ಲಿ ಹೋಗುತ್ತದೆ. ಆದರೆ ತೀವ್ರ ನೋವಿನ ಜೊತೆ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಕರಗಿದ ಸ್ನಾಯು ಮೂತ್ರಪಿಂಡವನ್ನೇ ಕೆಡಿಸಬಲ್ಲದು.

ಇನ್ನು ನಿಮ್ಮ ತರಬೇತುದಾರರ ಊಟದ ಪಟ್ಟಿ. ಆರು ಮೊಟ್ಟೆಯ ಬಿಳಿಭಾಗ, ಎರಡು ಹೊತ್ತು ಪ್ರೋಟೀನ್ ಪುಡಿ, 300 ಗ್ರಾಂ ಕೋಳಿಮಾಂಸ, ಅನ್ನ ನಿಷಿದ್ಧ, ರಾತ್ರಿ ಬರೀ ಸೊಪ್ಪು. ಕೂಡಿ ನೋಡಿದರೆ ದಿನಕ್ಕೆ ಸುಮಾರು 160 ಗ್ರಾಂ ಪ್ರೋಟೀನು. ಸ್ಪರ್ಧೆಗೆ ನಿಲ್ಲುವ 25ರ ಹುಡುಗನಿಗೆ ಬರೆದ ಪಟ್ಟಿಯ ಮೇಲೆ ನಿಮ್ಮ ಹೆಸರು ಅಂಟಿಸಿದ್ದಾರೆ ಎನ್ನಿಸಿತು. ನಿಮ್ಮ 82 ಕಿಲೋ ತೂಕಕ್ಕೆ ಕ್ರಿಯಾಟಿನಿನ್ ಸರಿಯಿದ್ದರೆ 80ರಿಂದ 95 ಗ್ರಾಂ ಸಾಕು, ಅದೂ ಮೂರು ಹೊತ್ತಿಗೆ ಹಂಚಿಕೊಂಡು. ಒಂದು ಇಡೀ ಮೊಟ್ಟೆಯಲ್ಲಿ 6 ಗ್ರಾಂ ಇದೆ, ಹಳದಿಯನ್ನು ಎಸೆಯಬೇಡಿ. ಬೇಳೆ, ಕಾಳು, ಮೊಸರು, ಮೀನು, ನೀವು ಈಗಾಗಲೇ ತಿನ್ನುವುದೇ ಸ್ವಲ್ಪ ಹೆಚ್ಚಲಿ. ಅನ್ನ ಬಿಡಬೇಡಿ, ತಟ್ಟೆಯಲ್ಲಿ ಅದರ ಜಾಗ ಕಾಲು ಭಾಗಕ್ಕಿಳಿಯಲಿ, ಅರ್ಧ ತಟ್ಟೆ ತರಕಾರಿಗೆ ಬಿಡಿ. ಉಪ್ಪು ದಿನಕ್ಕೆ ಒಂದು ಟೀ ಚಮಚ ಮೀರದಿರಲಿ; ಉಪ್ಪಿನಕಾಯಿ, ಕರಿದ ತಿಂಡಿಯಲ್ಲಿ ಅಡಗಿದ್ದೂ ಆ ಲೆಕ್ಕಕ್ಕೇ ಸೇರುತ್ತದೆ.

ಪುಡಿಯನ್ನು ರಕ್ತದ ವರದಿ ಬರುವವರೆಗೆ ತೆರೆಯಬೇಡಿ. ವ್ಯಾಯಾಮಕ್ಕೆ ಮುಂಚೆ ಕುಡಿಯುವ ‘ಶಕ್ತಿ’ ಪುಡಿಗಳಂತೂ ಬೇಡವೇ ಬೇಡ, ಅವುಗಳಲ್ಲಿ ಬಹುತೇಕ ಕೆಫೀನಿನ ರಾಶಿ. ‘ಬೇಗ ಮೈ ಬರುತ್ತದೆ’ ಎಂದು ಯಾರಾದರೂ ಇಂಜೆಕ್ಷನ್ ಮಾತೆತ್ತಿದರೆ ಆ ಜಿಮ್‌ಗೆ ಮತ್ತೆ ಕಾಲಿಡಬೇಡಿ.

ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ತೂಕ ಇಳಿದು ಬಿಪಿ ತಗ್ಗಿದರೆ ನಾನೇ ಖುಷಿಯಿಂದ ಕಡಿಮೆ ಮಾಡುತ್ತೇನೆ. ಹೋದ ತಿಂಗಳ ಮಾತ್ರೆಯ ಹಾಳೆಯಲ್ಲಿ ಹನ್ನೊಂದು ಉಳಿದಿದ್ದವು, ಚಿಕ್ಕಮ್ಮ ಹೇಳಿಲ್ಲ, ನಿಮ್ಮ ಅಂಗಿಯ ಜೇಬಿನಲ್ಲೇ ಕಂಡೆ.

ಗುರುವಾರ ಏಳೂವರೆಗೆ ಬನ್ನಿ, ಆಗ ಜನ ಕಡಿಮೆ. ಹಳೆಯ ವರದಿಗಳು, ಆ ಮಾತ್ರೆಯ ಹಾಳೆ, ಜಿಮ್‌ಗೆಂದು ಕೊಂಡ ಬೂಟು, ಮೂರನ್ನೂ ತನ್ನಿ. ಬೂಟು ಯಾಕೆಂದರೆ ನಿಮ್ಮ ಎಡ ಮೊಣಕಾಲಿನ ನೋವು ನೀವು ಮರೆತಿರಬಹುದು, ನಾನು ಮರೆತಿಲ್ಲ. ಅರ್ಜಿ ನನ್ನ ಬಳಿಯೇ ಇರುತ್ತದೆ, ಪೆನ್ನೂ ಅಲ್ಲೇ ಇದೆ.

ನಿಮ್ಮ ಅಣ್ಣನ ಮಗಳು,
ಮತ್ತು ನಿಮ್ಮ ಮನೆ ಡಾಕ್ಟರು