ವಿಷಯ: ಮೆಂಬರ್‌ಶಿಪ್ ಕ್ಯಾನ್ಸಲ್ ಆಗಿದೆ, ನನ್ನ ಫಿಂಗರ್‌ಪ್ರಿಂಟ್ ಮತ್ತೆ ಎಂಟ್ರಿ ರೆಕಾರ್ಡ್ ಡಿಲೀಟ್ ಮಾಡಿ (ಮೆಂಬರ್ ನಂ. 1147)

ನಮಸ್ಕಾರ ಸರ್,

ನಾನು ರಮ್ಯಾ, ನಿಮ್ಮ ಜಿಮ್ಮಿನ ಕುವೆಂಪುನಗರ ಬ್ರಾಂಚಲ್ಲಿ ಬೆಳಗ್ಗೆ 6ರ ಬ್ಯಾಚಿಗೆ ಬರ್ತಿದ್ದೆ. ಕಳೆದ ತಿಂಗಳು 28ಕ್ಕೆ ಮೆಂಬರ್‌ಶಿಪ್ ಕ್ಯಾನ್ಸಲ್ ಮಾಡ್ಸಿ ಲಾಕರ್ ಕೀ ವಾಪಸ್ ಕೊಟ್ಟಿದ್ದೀನಿ, ಬಾಕಿ ಏನೂ ಇಲ್ಲ ಅಂತ ರಿಸೆಪ್ಷನ್ನಲ್ಲಿ ಬರ್ಕೊಟ್ಟಿದ್ದಾರೆ.

ಮೊನ್ನೆ ಶನಿವಾರ ಅಲ್ಲೇ ಮರೆತು ಬಂದಿದ್ದ ನೀರಿನ ಬಾಟ್ಲಿ ತಗೊಳ್ಳೋಣ ಅಂತ ಬಂದೆ, ಕೈ ಅಭ್ಯಾಸಕ್ಕೆ ತಾನೇ ಹೋಗಿ ಮಷೀನ್ ಮೇಲೆ ಹೆಬ್ಬೆಟ್ಟು ಇಟ್ತು, ಹಸಿರು ಲೈಟ್ ಬಂತು, ಥ್ಯಾಂಕ್ ಯೂ ಅಂತು, ಬಾಗ್ಲು ತೆಗೀತು! ದುಡ್ಡು ಕಟ್ತಿದ್ದಾಗ ಬೆವರ್ ಕೈಯಲ್ಲಿ ನಾಲ್ಕು ಸಲ ಒತ್ತಿದ್ರೂ ತೆಗೀತಿರ್ಲಿಲ್ಲ, ಅದು ಬೇರೆ ಮಾತು. ಡಿಲೀಟ್ ಮಾಡಿ ಅಂತ ಕೇಳಿದ್ರೆ "ಇರ್ಲಿ ಬಿಡಿ ಮೇಡಂ, ಮತ್ತೆ ಸೇರುವಾಗ ಈಸಿ ಆಗುತ್ತೆ" ಅಂದ್ರು.

ಈಸಿ ಬೇಡ ಸರ್. ಪಾಸ್‌ವರ್ಡ್ ಹೋದ್ರೆ ಬದಲಾಯಿಸ್ಬೋದು, ಬೆರಳು ಬದಲಾಯಿಸೋಕಾಗಲ್ಲ. ಎಂಟ್ರಿ ಟೈಮಿಂದು ಇನ್ನೊಂದು ತಲೆನೋವು, ಆ ಅಟೆಂಡೆನ್ಸ್ ಶೀಟು ಫ್ರಂಟ್ ಡೆಸ್ಕ್ ಕಂಪ್ಯೂಟರಲ್ಲಿ ಯಾವಾಗ್ಲೂ ಓಪನ್ ಇರುತ್ತೆ, ಒಂದ್ಸಲ ಟ್ರೈನರೊಬ್ರು ಅದನ್ನ ನೋಡ್ಕೊಂಡೇ "ಮೇಡಂ ನೀವು ಮಂಗಳವಾರ ಬರಲ್ಲ ಅಲ್ವಾ" ಅಂತ ನಕ್ಕಿದ್ರು. ನಾನು ಒಬ್ಳೇ ಇರೋದು, ಬೆಳಗ್ಗೆ 6ರಿಂದ 7.30ವರೆಗೆ ಮನೆಗೆ ಬೀಗ ಅಂತ ಆ ಶೀಟ್ ನೋಡಿದ ಯಾರಿಗಾದ್ರೂ ಗೊತ್ತಾಗುತ್ತೆ.

ಹಾಗಾಗಿ ಫಿಂಗರ್‌ಪ್ರಿಂಟ್‌ಗೆ ಕೊಟ್ಟಿದ್ದ ಒಪ್ಪಿಗೆ ಈ ಮೇಲ್ ಮೂಲಕ ವಾಪಸ್ ತಗೊಳ್ತಿದ್ದೀನಿ. ಬಲಗೈ ಹೆಬ್ಬೆಟ್ಟು ಸರಿಯಾಗಿ ತಗೊಳ್ತಿಲ್ಲ ಅಂತ ಆಮೇಲೆ ಎಡಗೈ ತೋರುಬೆರಳೂ ಹಾಕ್ಸಿದ್ರಿ, ಎರಡೂ ಹೋಗ್ಬೇಕು. ಬರೀ ಇನ್ಆಕ್ಟಿವ್ ಅಂತ ಮಾಡಿದ್ರೆ ಸಾಲ್ದು. ಬಾಗಿಲ ಮಷೀನಲ್ಲಿ ಯೂಸರ್ ಡಿಲೀಟ್ ಮಾಡಿದ್ರೂ ಕಂಪ್ಯೂಟರ್ ಸಾಫ್ಟ್‌ವೇರಲ್ಲಿ, ಬ್ಯಾಕಪ್ಪಲ್ಲಿ ಕಾಪಿ ಉಳ್ಕೊಂಡಿರ್ಬೋದು, ಪೆನ್‌ಡ್ರೈವಿಗೆ ಹಾಕೊಂಡಿದ್ರೆ ಅದೂ, ಮಷೀನ್ ಸರ್ವೀಸ್ ಮಾಡೋರ ಹತ್ರ ಇದ್ರೆ ಅವ್ರಿಗೂ ಹೇಳಿ. ಎಂಟ್ರಿ ಲಾಗ್ ಬೇರೆ ಕಡೆ ಇರುತ್ತೆ, ಅದನ್ನೂ ಅಳಿಸ್ಬೇಕು. ಬಿಲ್ಲು, ಜಿಎಸ್‌ಟಿ ಲೆಕ್ಕ ನೀವು ಇಟ್ಕೊಳ್ಳಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ, ಆದ್ರೆ ಬಿಲ್ಲಿಗೆ ಬೆರಳು ಬೇಕಾಗಿಲ್ವಲ್ಲ.

2023ರ ಡೇಟಾ ಕಾಯ್ದೆ ಮಾತು ಬಿಡಿ, ಐಟಿ ಕಾಯ್ದೆ ಕೆಳಗಿನ 2011ರ ರೂಲ್ಸಲ್ಲೇ ಬಯೋಮೆಟ್ರಿಕ್ ಅಂದ್ರೆ ಸೂಕ್ಷ್ಮ ಮಾಹಿತಿ, ಕೆಲಸ ಮುಗಿದ್ಮೇಲೆ ಇಟ್ಕೊಳ್ಳೋ ಹಾಗಿಲ್ಲ ಅಂತಿದೆ, ದೂರು ಬಂದ್ರೆ ಒಂದು ತಿಂಗಳೊಳಗೆ ಬಗೆಹರಿಸ್ಬೇಕು ಅಂತನೂ ಇದೆ. ಅಷ್ಟು ದಿನ ಯಾಕೆ, ಹತ್ತು ನಿಮಿಷದ ಕೆಲ್ಸ, ಬರೋ ಶುಕ್ರವಾರದೊಳಗೆ ಮಾಡಿ ಯಾವ್ಯಾವ್ದು ಡಿಲೀಟ್ ಆಯ್ತು, ಯಾವ ತಾರೀಖು ಅಂತ ಇದೇ ಮೇಲಿಗೆ ರಿಪ್ಲೈ ಹಾಕಿ. ಫೋನಲ್ಲಿ "ಆಯ್ತು ಮೇಡಂ" ಅನ್ನೋದು ಬೇಡ. ವಾಟ್ಸಾಪಲ್ಲಿ "ವಿ ಮಿಸ್ ಯೂ" ಮೆಸೇಜ್ ಬರೋದೂ ನಿಲ್ಲಿಸ್ಬಿಡಿ.

ಬಾಟ್ಲಿ ಇನ್ನೂ ಸಿಕ್ಕಿಲ್ಲ, ಸ್ಟೀಲಿಂದು, ನೀಲಿ ಮುಚ್ಚಳ, ಸಿಕ್ರೆ ತೆಗೆದಿಟ್ಟಿರಿ.

ಇಂತಿ,
ರಮ್ಯಾ